ಸೊನ್ನೆಯೊಳಗಿನ ಮುಖ

ಇಂಗ್ಲಿಷಿನ ಹನ್ನೆರಡು ಪದವನ್ನು ಅರಬ್ಬಿಯ ನಾಲ್ಕು ಪದಕ್ಕೆ ಇಳಿಸುವುದು ಸಂಘಮಿತ್ರಾಳ ಕೆಲಸ. ಇಳಿಸಿದ್ದನ್ನು ಮೂಲ ಚಿತ್ರದ ಚೌಕಟ್ಟಿನಲ್ಲಿ ಕೂರಿಸುವುದು ಮಾರುತೇಶನ ಕೆಲಸ. ಚನ್ನಗಿರಿ ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಮೇಲೂ ಕೂರುತ್ತಿತ್ತು.

ಮಾರುತೇಶ್ ಹೊನ್ನಾಳಿಯವನು. ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಮೂರು ತಾಲ್ಲೂಕಿನ ಪುಢಾರಿಗಳ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮಾಡಿ ಮಾಡಿ ಕೈ ಪಳಗಿದವನು. ಸಂಘಮಿತ್ರಾ ತ್ಯಾವಣಿಗೆಯವಳು, ಬೌದ್ಧರ ಮನೆಯ ಹುಡುಗಿ. ಹೈದರಾಬಾದಿನಲ್ಲಿ ಅರಬ್ಬಿ ಎಂ.ಎ. ಮಾಡಿದಾಗ ಊರಿನ ಅರ್ಧ ಜನ ನಕ್ಕಿದ್ದರು, ಉಳಿದರ್ಧ ಜನ ಅನುಮಾನಪಟ್ಟಿದ್ದರು. ಈಗ ಕೊಲ್ಲಿಯ ಒಂದು ಅನುವಾದ ಏಜೆನ್ಸಿ ಈ ಕೋಣೆಗೆ ಕೆಲಸ ಕಳಿಸುತ್ತದೆ. ವರದಿಗಳ ಇನ್ಫೋಗ್ರಾಫಿಕ್ ಪುಟಗಳು. ದೊಡ್ಡ ಅಂಕಿ, ಸಣ್ಣ ಚಿತ್ರ, ಎರಡು ಸಾಲಿನ ಶೀರ್ಷಿಕೆ.

ಆ ದಿನ ಬಂದಿದ್ದು ಒಂದು ಕಟ್ಟಡ ಕಂಪನಿಯ ಸುರಕ್ಷತಾ ವರದಿ. ಸಂಘಮಿತ್ರಾ ಬೆಳಗಿನಿಂದ ಅದರ ಪದಗಳನ್ನು ಕತ್ತರಿಸುತ್ತಿದ್ದಳು. ಯಂತ್ರ ಮಾಡಿಕೊಟ್ಟ ಕರಡು ಅರಬ್ಬಿ ಸರಿಯಾಗಿಯೇ ಇತ್ತು, ಆದರೆ ಉದ್ದ. "ಕಳೆದ ವರ್ಷಕ್ಕೆ ಹೋಲಿಸಿದರೆ ಗಾಯಗಳ ಪ್ರಮಾಣದಲ್ಲಿ ನಲವತ್ತೆರಡು ಪ್ರತಿಶತ ಇಳಿಕೆ ಕಂಡುಬಂದಿದೆ" ಅನ್ನುವಷ್ಟು ಉದ್ದ. ಚಿತ್ರದಲ್ಲೇ ಕೆಳಮುಖದ ಬಾಣ ಇದೆಯಲ್ಲ, ಇಳಿಕೆ ಅನ್ನುವ ಮಾತನ್ನು ಬಾಣವೇ ಹೇಳುತ್ತದೆ. ಅಂಕಿ ಪಕ್ಕದಲ್ಲೇ ಇದೆ. ಉಳಿಯುವುದು "ಕಡಿಮೆ ಗಾಯಗಳು", ಎರಡೇ ಪದ. ಚಿತ್ರ ಹೇಳುವುದನ್ನು ಪದ ಹೇಳಬಾರದು, ಪದ ಹೇಳಲೇಬೇಕಾದ್ದನ್ನು ಕತ್ತರಿಸಬಾರದು: ಈ ವೃತ್ತಿಯ ಧರ್ಮ ಇಷ್ಟೇ.

ಅವಳ ಬೆನ್ನ ಹಿಂದೆ ಮಾರುತೇಶ್ ಪುಟವನ್ನು ಅರಬ್ಬಿ ಓದುವ ದಿಕ್ಕಿಗೆ, ಬಲದಿಂದ ಎಡಕ್ಕೆ ತಿರುಗಿಸುತ್ತಿದ್ದ. ಎಡಗಡೆ ಇದ್ದದ್ದು ಬಲಕ್ಕೆ, ಬಾಣಗಳು ಉಲ್ಟಾ, ಗ್ರಾಫಿನ ವರ್ಷಗಳು ಉಲ್ಟಾ. ಫೋಟೋಗಳನ್ನು ಮಾತ್ರ ಮುಟ್ಟುವಂತಿಲ್ಲ. ತಿರುಗಿಸಿದರೆ ಹೆಲ್ಮೆಟ್ಟಿನ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಆಗುತ್ತವೆ.

"ಮೇಡಮ್ಮೋರೇ, ನಿಮ್ಮ ಅರಬ್ಬೀನ ಒಸಿ ಅಗಲ ಮಾಡಾಕೆ ಅಕ್ಷರ ಬಿಡಿ ಬಿಡಿ ಮಾಡ್ಲಾ?" ಎಂದ.

"ಬಿಡಿ ಮಾಡಿದ್ರೆ ಅದು ಅರಬ್ಬಿನೇ ಅಲ್ಲಣ್ಣ. ಅಕ್ಷರ ಒಂದಕ್ಕೊಂದು ಕೈ ಹಿಡ್ಕಂಡೇ ಇರ್ಬೇಕು. ಹೋದ ಸಲ ಬಿಡಿಸಿ ಬೈಸ್ಕಂಡಿದ್ದು ಮರೆತ್ಯಾ?"

"ಮರೆಯಾಕೆ ಬಿಡ್ತೀಯಾ ನೀನು? ಸರಿ ಬಿಡು, ಗಾತ್ರ ಏರಿಸ್ತೀನಿ."

ಮಧ್ಯಾಹ್ನದ ಹೊತ್ತಿಗೆ ಮೊದಲ ಕರಡು ಹೋಯಿತು. ಊಟದ ಡಬ್ಬಿ ಮುಚ್ಚುವ ಮೊದಲೇ ಅಮ್ಮಾನ್ ನಗರದಿಂದ ರೀಮ್ ಕರೆ ಮಾಡಿದಳು. ರೀಮ್ ಏಜೆನ್ಸಿಯ ಪರಿಶೀಲಕಿ. ಅರಬ್ಬಿ ಅವಳ ತಾಯ್ನುಡಿ, ಸಂಘಮಿತ್ರಾಳ ಪ್ರತಿ ಸಾಲೂ ಅವಳ ಕಣ್ಣು ದಾಟಿಯೇ ಹೋಗಬೇಕು. ಮಾತು ಇಂಗ್ಲಿಷಿನಲ್ಲಿ, ನಗು ಮಾತ್ರ ಎಲ್ಲ ಭಾಷೆಯದು.

"ಮಿತ್ರಾ, ನಿಮ್ಮ ಡಿಸೈನರ್ ಐದು ಜನರನ್ನು ಕೊಂದಿದ್ದಾನೆ, ಗೊತ್ತೇ?"

"ಏನಂದಿರಿ?"

"ಮೂರನೇ ಪುಟ ನೋಡಿ. ಸಾವುಗಳು ಅಂತ ಬರೆದು ಪಕ್ಕದಲ್ಲಿ ದೊಡ್ಡ ಉಂಗುರ ಇಟ್ಟಿದ್ದಾನೆ. ಇಂಗ್ಲಿಷಿನವರಿಗೆ ಅದು ಸೊನ್ನೆ. ನಮ್ಮ ಅಂಕಿಯಲ್ಲಿ ಐದನ್ನು ಬರೆಯುವುದೇ ಹಾಗೆ. ಪುಟದ ತುಂಬ ನಮ್ಮ ಅಂಕಿ, ಇದೊಂದು ಮಾತ್ರ ಅವರದು. ಓದುವವರು ಐದು ಸಾವು ಅಂತಲೇ ಓದುತ್ತಾರೆ."

ಸಂಘಮಿತ್ರಾ ತಲೆ ಚಚ್ಚಿಕೊಂಡಳು. ಆ ಸೊನ್ನೆ ಪದಗಳ ಪಟ್ಟಿಯಲ್ಲಿ ಅವಳ ಕೈಗೆ ಬಂದೇ ಇರಲಿಲ್ಲ; ಅದು ಚಿತ್ರವಾಗಿತ್ತು. ಪುಟದ ಅರ್ಧ ತುಂಬುವ ದಪ್ಪ ಬಳೆ, ಬಳೆಯ ದಪ್ಪದೊಳಗೆ ಕಾರ್ಮಿಕರ ಫೋಟೋ. ಹೆಲ್ಮೆಟ್ಟಿನ ತುದಿ, ಬೂಟು, ಕಬ್ಬಿಣದ ಸರಳು, ಆಕಾಶದ ಒಂದು ತುಂಡು, ಇಷ್ಟು ಮಾತ್ರ ಕಾಣುತ್ತಿತ್ತು. ನಡುವೆ ಬಿಳಿ ತೂತು.

"ಅಣ್ಣ, ಅರಬ್ಬಿ ಸೊನ್ನೆ ಬಳೆ ಅಲ್ಲ. ಚುಕ್ಕಿ."

"ಚುಕ್ಕೀನಾ? ಅಷ್ಟು ದೊಡ್ಡ ಜಾಗಕ್ಕೆ ಒಂದು ಚುಕ್ಕಿ ಇಟ್ರೆ ನೊಣ ಕೂತಂಗೆ ಕಾಣ್ತೈತೆ."

"ದೊಡ್ಡ ಚುಕ್ಕಿ ಮಾಡು. ಬಳೆಯಷ್ಟೇ ಅಗಲ, ಒಳಗೆ ತೂತು ಬ್ಯಾಡ. ಪಕ್ಕದಲ್ಲಿ ಸಿಫ್ರ್ ಅಂತ ಪದಾನೂ ಇರ್ತೈತೆ. ಸಿಫ್ರ್ ಅಂದ್ರೆ ಸೊನ್ನೆ. ಯಾರಿಗೂ ಗೊಂದಲ ಆಗಲ್ಲ."

"ಹಂಗಾದ್ರೆ ತೂತು ಮುಚ್ಚಿದ್ರಾತು. ಫೋಟೋ ಪೂರ್ತಿ ಒಳಗೈತೆ, ಮುಸುಕು ಹಾಕ್ಯಾರೆ ಅಷ್ಟೆ."

ಅವನು ಒಳಗಿನ ವೃತ್ತವನ್ನು ಅಳಿಸಿದ. ಬಿಳಿ ತೂತು ಹೋಗಿ ಫೋಟೋದ ನಡುಭಾಗ ತೆರೆದುಕೊಂಡಿತು. ಮೂವರು ಕಾರ್ಮಿಕರು. ನಡುವಿನವನು ಕ್ಯಾಮೆರಾ ಕಡೆಗೆ ನೇರ ನೋಡುತ್ತಿದ್ದ. ಕೊರಳಿಗೆ ಕೆಂಪು ಟವೆಲ್, ಎಡಹುಬ್ಬನ್ನು ಎರಡು ತುಂಡು ಮಾಡಿದ ಹಳೆ ಗಾಯದ ಗೆರೆ, ಹೆಲ್ಮೆಟ್ ಪಟ್ಟಿ ಕಟ್ಟದೆ ಬಿಟ್ಟಿದ್ದಾನೆ. ನಗುತ್ತಿದ್ದಾನೆ.

"ಈಗ ನೋಡು, ಹೆಂಗೆ..." ಎನ್ನುತ್ತ ಮಾರುತೇಶ್ ತಿರುಗಿದ. ಸಂಘಮಿತ್ರಾ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಏನಾತೇ?"

ಅವಳು ಪರದೆಯ ಮೇಲೆ ಬೆರಳಿಟ್ಟಳು. "ಪರಶುರಾಮಣ್ಣ."

"ಯಾವ ಪರಶುರಾಮ?"

"ನಮ್ಮ ದೊಡ್ಡಪ್ಪನ ಮಗ. ಹೋದ ವರ್ಷ ಕೊಲ್ಲಿಯಿಂದ ಪೆಟ್ಟಿಗೆಯಾಗೆ ಬಂದನಲ್ಲ ಅಣ್ಣ. ನೀನೂ ಮಣ್ಣಿಗೆ ಬಂದಿದ್ದೆ."

ಮಾರುತೇಶ್ ಪರದೆ ನೋಡಿದ, ಅವಳನ್ನು ನೋಡಿದ, ಮತ್ತೆ ಪರದೆ ನೋಡಿದ. ಕೆಳಗಡೆ ಯಾರೋ ಗೊಬ್ಬರದ ಚೀಲ ಧಪ್ಪನೆ ಎತ್ತಿಹಾಕಿದರು.

ಹಗಲೆಲ್ಲ ಬಿಸಿಲಲ್ಲಿ ಸರಳು ಬಾಗಿಸಿ, ಸಂಜೆ ಕಾರ್ಮಿಕರ ಶಿಬಿರದ ಮಂಚದ ಮೇಲೆ ಮಲಗಿದವನು ಮತ್ತೆ ಏಳಲಿಲ್ಲ. ಮೂವತ್ನಾಲ್ಕು ವಯಸ್ಸಿನ, ಜ್ವರವನ್ನೂ ಕಾಣದ ಗಂಡಸು. ಪೆಟ್ಟಿಗೆಯ ಜೊತೆ ಬಂದ ಕಾಗದವನ್ನು ಮನೆಯವರಿಗೆ ಓದಿ ಹೇಳಿದವಳು ಸಂಘಮಿತ್ರಾಳೇ. ಸಹಜ ಸಾವು ಎಂದಿತ್ತು, ಕಂಪನಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಅಣ್ಣನ ಹೆಂಡತಿ ಆಶಾ ಆವತ್ತು ಕೇಳಿದ್ದು ಒಂದೇ ಮಾತು: "ಸಹಜ ಅಂದ್ರೇನೇ ಮಿತ್ರಾ? ನಿನಗೆ ಆ ಭಾಷೆ ಬರ್ತೈತಲ್ಲ, ಹೇಳೇ."

ಅವನು ದುಡಿದದ್ದು ಈ ಕಂಪನಿಗೇ ಎಂದು ಅವಳಿಗೆ ಈಗ ತಿಳಿಯಿತು; ಅದು ಅವನ ನಗುವನ್ನು ತಂದು ಸೊನ್ನೆಗೆ ತುಂಬಿತ್ತು. ಕೆಲಸಕ್ಕೆ ಸಂಬಂಧಿಸಿದ ಸಾವುಗಳು: ಸೊನ್ನೆ. ಸತ್ತವನ ಮುಖವನ್ನೇ ಸಾಕ್ಷಿಗೆ ನಿಲ್ಲಿಸಿ, ಯಾರೂ ಸತ್ತಿಲ್ಲ ಎಂದು ಹೇಳಿಸುತ್ತಿದ್ದರು.

ಸಂಘಮಿತ್ರಾ ತನ್ನ ಜಾಗಕ್ಕೆ ಹೋಗಿ ಇಂಗ್ಲಿಷ್ ಪುಟ ತೆರೆದಳು. ಸೊನ್ನೆಯ ಬುಡದಲ್ಲಿ, ಇರುವೆ ಸಾಲಿನ ಹಾಗೆ ಒಂದು ಅಡಿಟಿಪ್ಪಣಿ ಇತ್ತು. ಕೆಲಸದ ಅವಧಿಯ ಹೊರಗೆ, ಕಂಪನಿ ಒದಗಿಸಿದ ವಸತಿಗಳಲ್ಲಿ ಸಂಭವಿಸಿದ ಹನ್ನೊಂದು ಸಾವುಗಳನ್ನು ಈ ಅಂಕಿಯಲ್ಲಿ ಸೇರಿಸಿಲ್ಲ. ಬೆಳಿಗ್ಗೆ ಇದನ್ನು ಅವಳು ಓದಿದ್ದಳು. ಓದಿ, ಪಟ್ಟಿಯಲ್ಲಿ ಅದರ ಮುಂದೆ "ಬಿಡಬಹುದು" ಎಂದು ಗುರುತು ಹಾಕಿದ್ದಳು. ಯಾಕೆಂದರೆ ಕಂಪನಿಯ ಸೂಚನೆಯೇ ಹಾಗಿತ್ತು: ಅರಬ್ಬಿಯಲ್ಲಿ ಜಾಗ ಸಾಲದಿದ್ದರೆ ಅಡಿಟಿಪ್ಪಣಿ ಬಿಡಿ. ಯಂತ್ರದ ಕರಡು ಮೂರು ಸಾಲು ಹರಿದಿತ್ತು, ಇದ್ದ ಜಾಗ ಒಂದು ಸಾಲಿನದು.

"ನಾನೇ ತೆಗೆದುಹಾಕಿದ್ದೆ" ಎಂದಳು. ಯಾರಿಗೂ ಹೇಳಿದಂತಿರಲಿಲ್ಲ.

"ಜಾಗ ಇರಲಿಲ್ಲ ಅಂತ ತೆಗೆದೆ. ನಿಂಗೇನು ಗೊತ್ತಿತ್ತು?" ಎಂದ ಮಾರುತೇಶ್.

"ಜಾಗದ್ದೇ ಪ್ರಶ್ನೆ ಆದ್ರೆ ಜಾಗ ಮಾಡಾಣ."

ಅವಳು ಕೂತಳು. ಈ ಕಸುಬಿನವರಿಗೆ ಒಂದು ರೋಗವಿದೆ, ಜಗತ್ತಿನ ಎಲ್ಲ ಅನ್ಯಾಯವೂ ಜಾಗ ಸಾಲದೆ ಆದದ್ದು ಎಂದು ನಂಬುವ ರೋಗ. ಎರಡು ಅಕ್ಷರ ಉಳಿಸಿದರೆ ಲೋಕ ನೆಟ್ಟಗಾಗುತ್ತದೆ ಎಂದು ನಂಬಿಯೇ ಅವರು ಬೆನ್ನು ಬಾಗಿಸುತ್ತಾರೆ. ಸಂಘಮಿತ್ರಾ "ಈ ಅಂಕಿಯಲ್ಲಿ ಸೇರಿಸಿಲ್ಲ" ಎನ್ನುವುದನ್ನು ತೆಗೆದು "ಹೊರತು" ಎಂಬರ್ಥದ ಒಂದೇ ಪದ ಇಟ್ಟಳು. "ಕಂಪನಿ ಒದಗಿಸಿದ" ಹೋಯಿತು. ಕಂಪನಿಯ ವರದಿಯಲ್ಲಿ ವಸತಿ ಎಂದರೆ ಕಂಪನಿಯದೇ. "ಕೆಲಸದ ಅವಧಿಯ ಹೊರಗೆ" ಅನ್ನುವುದನ್ನು ಬಿಡಲು ಕೈ ಹಿಂಜರಿಯಿತು. ಆದರೆ ಕಟ್ಟಡದ ಕೆಲಸ ವಸತಿಯಲ್ಲಿ ನಡೆಯುವುದಿಲ್ಲವಲ್ಲ. ಉಳಿದದ್ದು: ಅದಾ ಹನ್ನೊಂದು ವಫಾತ್ ಫಿಸ್ಸಕನ್. ವಸತಿಯಲ್ಲಿನ ಹನ್ನೊಂದು ಸಾವು ಹೊರತು. ಹನ್ನೊಂದನ್ನು ಅಂಕಿಯಲ್ಲಿ ಬರೆದರೆ ಎರಡು ನೆಟ್ಟನೆಯ ಗೆರೆ, ಅಷ್ಟೇ ಜಾಗ.

ಮಾರುತೇಶ್ ಅದನ್ನು ತಂದು ಕೂರಿಸಿದ. ಒಂದೇ ಸಾಲು. ಅಕ್ಷರದ ಗಾತ್ರವನ್ನು ಇಂಗ್ಲಿಷಿಗಿಂತ ಒಂದು ಸುತ್ತು ಏರಿಸಿದರೂ ಪಕ್ಕದಲ್ಲಿ ಜಾಗ ಮಿಕ್ಕಿತ್ತು.

"ಕೂತ್ಕಂತು ಕಣೇ! ಹೇಳಿ ಮಾಡಿಸಿದಂಗೆ ಕೂತ್ಕಂತು!" ಅವನು ತೊಡೆ ತಟ್ಟಿದ. ತಟ್ಟಿದ ಮೇಲೆ ಎಂಥ ಸಾಲಿಗೆ ತೊಡೆ ತಟ್ಟಿದೆನೆಂದು ನೆನಪಾಗಿ ಕೈ ಮಡಚಿಕೊಂಡ.

ರೀಮ್ ಒಪ್ಪಿದಳು. "ನಾಲ್ಕು ಪದ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಹುಟ್ಟಿದ ಭಾಷೆಯಲ್ಲಿ ನನಗೇ ಇದು ಹೊಳೆಯುತ್ತಿರಲಿಲ್ಲ" ಎಂದಳು. ಸಂಘಮಿತ್ರಾ ಅವಳಿಗೆ ಫೋಟೋದ ವಿಷಯ ಹೇಳಿದಳು.

ಮರುದಿನ ಕಂಪನಿಯ ಪ್ರಚಾರ ಅಧಿಕಾರಿಯ ಟಿಪ್ಪಣಿಗಳು ಪುಟದ ಅಂಚಿನಲ್ಲಿ ಮೂಡಿದವು. ಚುಕ್ಕಿ ಚೆನ್ನಾಗಿದೆ. ಬಾಣ ಚೆನ್ನಾಗಿದೆ. ಅಡಿಟಿಪ್ಪಣಿ ತೆಗೆಯಿರಿ.

ಸಂಘಮಿತ್ರಾ ಉತ್ತರ ಬರೆದಳು: ಅಡಿಟಿಪ್ಪಣಿ ಒಂದು ಸಾಲಿನಲ್ಲಿ ಹಿಡಿಸಿದೆ. ವಿನ್ಯಾಸಕ್ಕೆ ಯಾವ ತೊಂದರೆಯೂ ಇಲ್ಲ.

ಅದಕ್ಕೆ ಬಂದ ಉತ್ತರ: ಹಿಡಿಸಿರುವುದು ಕಾಣುತ್ತಿದೆ. ಪ್ರಶ್ನೆ ಜಾಗದ್ದಲ್ಲ. ಇಂಗ್ಲಿಷ್ ಪುಟವನ್ನು ಸಾಲ ಕೊಟ್ಟ ಬ್ಯಾಂಕಿನವರು ಓದುತ್ತಾರೆ, ಅವರಿಗೆ ಅಡಿಟಿಪ್ಪಣಿ ಬೇಕು. ಅರಬ್ಬಿ ಪುಟವನ್ನು ಇಲ್ಲಿನವರು ಓದುತ್ತಾರೆ.

ಇಷ್ಟನ್ನು ಆತ ಬರೆದಿದ್ದ. ಬರೆದು ಹೆಸರು ಹಾಕಿದ್ದ. ಅಡಗಿಸಿ ಹೇಳಬೇಕಾದ್ದು ಎಂದು ಕೂಡ ಆ ಮನುಷ್ಯನಿಗೆ ಅನ್ನಿಸಿರಲಿಲ್ಲ. ಸಂಘಮಿತ್ರಾ ಆ ಸಾಲನ್ನು ಓದಿದಳು, ಕಿಟಕಿ ಹತ್ತಿರ ಹೋಗಿ ಬಂದು ಮತ್ತೆ ಓದಿದಳು. ಅದು ಬದಲಾಗಲಿಲ್ಲ.

"ಕಳ್ಳ ನನ್ಮಕ್ಳು" ಎಂದ ಮಾರುತೇಶ್. ಆಮೇಲೆ ದನಿ ತಗ್ಗಿಸಿ, "ಆದ್ರೂ ಹೇಳಿದಂಗೆ ಮಾಡಿ ಕಳ್ಸಾಣ ಕಣೇ. ವರದಿ ಅವರದು. ನಾವು ಪುಟ ಮಾಡೋರು."

"ಅಡಿಟಿಪ್ಪಣಿ ತೆಗೀರಿ ಅಂದ್ರೆ ತೆಗೀತೀನಿ. ಆದ್ರೆ ಕೆಳಗೆ ಇದ್ದ ಷರತ್ತು ಹೋದ್ರೆ ಅದು ಮ್ಯಾಲಿನ ಶೀರ್ಷಿಕೆಗೆ ಹತ್ಬೇಕು. ಅದು ನನ್ನ ಕೆಲಸದ ನಿಯಮ, ಅವರದ್ದಲ್ಲ."

ಶೀರ್ಷಿಕೆಯಲ್ಲಿ "ಕೆಲಸಕ್ಕೆ ಸಂಬಂಧಿಸಿದ" ಎಂಬ ಎರಡು ಪದವಿತ್ತು. ಅದನ್ನು ತೆಗೆದು ಅವಳು ಬರೆದಳು: ಸಿಫ್ರ್ ವಫಯಾತ್ ಅಸ್ನಾ ಅದ್ದವಾಮ್. ಡ್ಯೂಟಿ ಹೊತ್ತಿನಲ್ಲಿ ಸೊನ್ನೆ ಸಾವು; ವಫಾತಿನ ಬಹುವಚನ ವಫಯಾತ್. ದವಾಮ್ ಅಂದರೆ ಕೊಲ್ಲಿಯಲ್ಲಿ ಡ್ಯೂಟಿ. ಪರಶುರಾಮ್ ಮನೆಗೆ ಫೋನ್ ಮಾಡಿದಾಗಲೆಲ್ಲ "ದವಾಮ್ ಮುಗೀತು, ಉಂಡು ಮಲಗ್ತೀನಿ" ಅನ್ನುತ್ತಿದ್ದ. ಮನೆಯ ಮಕ್ಕಳಿಗೂ ಆ ಪದ ಬಾಯಿಗೆ ಬಂದಿತ್ತು. ಉದ್ದದಲ್ಲಿ ಇದು ಹಳೆಯ ಶೀರ್ಷಿಕೆಗಿಂತ ಒಂದಕ್ಷರ ಕಡಿಮೆಯೇ. ಓದಿದವನು ತಾನಾಗಿಯೇ ಕೇಳಬೇಕು: ಡ್ಯೂಟಿ ಮುಗಿದ ಮೇಲೆ?

ಅಧಿಕಾರಿಯೂ ಅದನ್ನೇ ಕೇಳಿಕೊಂಡಿರಬೇಕು. ಅವನ ಟಿಪ್ಪಣಿ ಸಂಜೆಗೆ ಬಂತು: ಇದು ಪ್ರಶ್ನೆ ಹುಟ್ಟಿಸುತ್ತದೆ. ಬರೀ "ಸಿಫ್ರ್ ವಫಯಾತ್" ಸಾಕು. ಸಂಕ್ಷಿಪ್ತವಾಗಿರಬೇಕೆಂದು ಕೇಳಿದ್ದೆವಲ್ಲ, ಇದೇ ಅತ್ಯಂತ ಸಂಕ್ಷಿಪ್ತ.

ಸೊನ್ನೆ ಸಾವು. ಎರಡೇ ಪದ. ಅದರ ಕೆಳಗೆ ಪರಶುರಾಮಣ್ಣನ ನಗು.

"ಕತ್ತರಿಸೋದು ಕಲಿತಿದ್ದು ಇದಕ್ಕೇನಾ?" ಸಂಘಮಿತ್ರಾ ಪರದೆಗೆ ಬೊಟ್ಟು ಮಾಡಿದಳು. "ಕತ್ತರಿಸ್ತಾ ಹೋದ್ರೆ ಕೊನೆಗೆ ಸುಳ್ಳೊಂದೇ ಉಳೀತೈತೆ. ಎಷ್ಟು ಚೆಂದ ಕೂತ್ಕಂಡೈತೆ ನೋಡು ಚೌಕಟ್ಟಿನಾಗೆ!"

"ಈಗ ಏನ್ಮಾಡಾಣ ಅಂತೀಯ?"

"ಸಹಿ ಹಾಕಲ್ಲ."

ಪ್ರತಿ ಕೆಲಸದ ಕೊನೆಗೂ ಒಂದು ದೃಢೀಕರಣ ಹೋಗುತ್ತದೆ, ಎರಡೂ ಭಾಷೆಯ ಪುಟಗಳು ಒಂದೇ ಮಾತನ್ನು ಹೇಳುತ್ತವೆ ಎಂದು. ಅನುವಾದಕಿಯದೊಂದು ಸಹಿ, ಪರಿಶೀಲಕಿಯದೊಂದು. ಬ್ಯಾಂಕಿಗೆ ವರದಿ ಸಲ್ಲಿಸುವಾಗ ಅದು ಜೊತೆಗಿರಲೇಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಓದದೆಯೇ ಸಹಿ ಹಾಕುತ್ತಿದ್ದರು.

"ಏಜೆನ್ಸಿ ನಮ್ಮನ್ನ ಬಿಡ್ತೈತೆ. ಮತ್ತೆ ನಾನು ಪುಢಾರಿಗಳ ಹಲ್ಲು ಬೆಳ್ಳಗೆ ಮಾಡ್ಕಂತ ಕೂರ್ಬೇಕು" ಎಂದ ಮಾರುತೇಶ್.

"ಮಾಡು. ಅವರಾದ್ರೂ ಬದುಕಿದ್ದಾರೆ."

ಅವನು ಸಿಟ್ಟಿನಿಂದ ಎದ್ದು ಹೋದ. ಟೀ ಕುಡಿದು ಬಂದ. ಅವಳಿಗೂ ಒಂದು ತಂದಿದ್ದ. ಅಷ್ಟರಲ್ಲಿ ಸಂಘಮಿತ್ರಾ ಏಜೆನ್ಸಿಗೆ ಬರೆದಾಗಿತ್ತು: ಇಂಗ್ಲಿಷ್ ಹನ್ನೊಂದು ಸಾವು ಹೇಳುತ್ತದೆ, ಅರಬ್ಬಿ ಹೇಳುವುದಿಲ್ಲ. ಎರಡೂ ಒಂದೇ ಎಂದು ನಾನು ಸಹಿ ಹಾಕುವುದಿಲ್ಲ. ಅದರ ಕೆಳಗೆ ರೀಮ್ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದಳು: ನಾನೂ ಹಾಕುವುದಿಲ್ಲ.

ಅದಾದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಮಾರುತೇಶ್ ಜಗಳೂರಿನ ಒಬ್ಬ ಗುತ್ತಿಗೆದಾರನ ಗೃಹಪ್ರವೇಶದ ಫ್ಲೆಕ್ಸ್ ಹಿಡಿದು ಕೂತ. ಬಾಗಿಲ ಸದ್ದಾದರೆ, ಫೋನ್ ಮಿಣುಕಿದರೆ ಇಬ್ಬರೂ ಒಟ್ಟಿಗೆ ತಿರುಗುತ್ತಿದ್ದರು.

ಉತ್ತರ ಬಂದಾಗ ಅದನ್ನು ಮೊದಲು ನೋಡಿದವನು ಮಾರುತೇಶ್. ಬ್ಯಾಂಕಿನ ಗಡುವು ಹತ್ತಿರ ಬಂದಿತ್ತು, ಹೊಸ ಜನ ಹುಡುಕಲು ವೇಳೆ ಇರಲಿಲ್ಲ. ನಾಲ್ಕು ಪದದ ಅಡಿಟಿಪ್ಪಣಿ ಇರಲಿ, ಮೊದಲಿನ ಶೀರ್ಷಿಕೆ ಇರಲಿ, ದೃಢೀಕರಣ ಕಳಿಸಿ ಎಂದಿತ್ತು.

"ಗೆದ್ದೆ ಕಣೇ ಮಿತ್ರಾ! ಗೆದ್ದೆ!" ಎಂದು ಕೂಗಿದ. ಕೆಳಗೆ ಇನ್ನೂ ಒಂದು ಸಾಲಿತ್ತು. ಅದನ್ನು ಓದುತ್ತ ಓದುತ್ತ ಅವನ ದನಿ ಬಾವಿಗೆ ಇಳಿದಂತೆ ಇಳಿಯಿತು.

"ಚುಕ್ಕಿಯೊಳಗಿನ ಫೋಟೋ ಬದಲಿಸಿ, ಜೊತೆಗಿರುವ ಖರ್ಜೂರದ ಮರದ ಚಿತ್ರ ಹಾಕಿ. ಫೋಟೋದ ನಡುವೆ ಇರುವ ವ್ಯಕ್ತಿ ಈಗ ನಮ್ಮ ಸಿಬ್ಬಂದಿಯಲ್ಲ."

ಸಂಘಮಿತ್ರಾ ಬಂದು ಆ ಸಾಲನ್ನು ತಾನೇ ಓದಿದಳು.

"ಗೊತ್ತಿತ್ತು ಅವರಿಗೆ" ಎಂದಳು ಸಂಘಮಿತ್ರಾ. "ಬಳೆ ಇದ್ದಾಗ ತೂತಿನಾಗೆ ಅಡಗಿದ್ದ. ಮುಖ ಕಂಡ ಮ್ಯಾಲೆ ಯಾರೋ ಗುರುತು ಹಿಡಿದ್ರು. ಸತ್ತ ಅಂತ ಬರೆಯಾಕೆ ಕೈ ಬರಲಿಲ್ಲ. ಸಿಬ್ಬಂದಿಯಲ್ಲ ಅಂತೆ."

ಮಾರುತೇಶ್ ಮೌಸಿನ ಮೇಲಿಂದ ಕೈ ತೆಗೆದ. "ನನ್ನ ಕೈಲಿ ಆಗಲ್ಲ. ನೀನು ತೆಗಿ" ಎಂದ.

"ನನಗೂ ಆಗಲ್ಲ ಅಣ್ಣ."

ಆದರೆ ಹನ್ನೊಂದು ಆ ಪುಟದ ಮೇಲೆ ಉಳಿಯಬೇಕಾದರೆ ಅವರು ಹೇಳಿದಂತೆ ಪುಟ ಕಳಿಸಲೇಬೇಕಿತ್ತು. ಕೊನೆಗೆ ಮಾರುತೇಶನೇ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಒತ್ತಿದ. ಚುಕ್ಕಿಯ ತುಂಬ ಹಸಿರು ಗರಿ ಹರಡಿಕೊಂಡಿತು. ಸಂಘಮಿತ್ರಾ ಸಹಿ ಹಾಕಿದಳು. ಈಗ ಎರಡೂ ಪುಟ ಒಂದೇ ಮಾತು ಹೇಳುತ್ತಿದ್ದವು, ಸುಳ್ಳೆನ್ನಲು ಯಾವ ಪದವೂ ಇರಲಿಲ್ಲ.

ವರದಿ ಕಂಪನಿಯ ಜಾಲತಾಣಕ್ಕೆ ಏರಿದ ಮೇಲೆ ಅವಳು ಮೂರನೇ ಪುಟವನ್ನು ಮುದ್ರಿಸಿಕೊಂಡು ತ್ಯಾವಣಿಗೆಗೆ ಹೋದಳು. ಆಶಾ ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ಹಿತ್ತಿಲಲ್ಲಿ ಬೋರಲು ಹಾಕುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಸಂಘಮಿತ್ರಾ ಎಲ್ಲವನ್ನೂ ಹೇಳಿದಳು, ಫೋಟೋದ ವಿಷಯವನ್ನೂ. ಹೇಳದೆ ಇರಬಹುದಿತ್ತು. ಅವಳಿಗೆ ಕತ್ತರಿಸುವುದು ಸಾಕಾಗಿತ್ತು.

"ನಗ್ತಿದ್ನಾ?" ಆಶಾ ಕೇಳಿದಳು.

"ಹ್ಞೂಂ ಅತ್ತಿಗೆ. ಹೆಲ್ಮೆಟ್ ಪಟ್ಟಿ ಬಿಚ್ಚಿದ್ದ."

"ಕಟ್ಕಂತಾನೇ ಇರ್ಲಿಲ್ಲ. ಸೆಕೆ ಅಂತಿದ್ದ." ಅವಳು ಖರ್ಜೂರದ ಮರವನ್ನು ದಿಟ್ಟಿಸಿದಳು. "ಈಗ ಇದರಾಗೆ ಎಲ್ಲವ್ನೆ ನಿಮ್ಮಣ್ಣ?"

ಸಂಘಮಿತ್ರಾ ಪುಟದ ಬುಡದಲ್ಲಿ ಬೆರಳಿಟ್ಟಳು. ಎರಡು ಸಣ್ಣ ನೆಟ್ಟನೆಯ ಗೆರೆ, ಪಕ್ಕಪಕ್ಕ.

"ಇಬ್ಬರೇನಾ?"

"ಅಲ್ಲ. ಅದು ಹನ್ನೊಂದು ಅಂತ. ಹನ್ನೊಂದು ಜನ."

ಆಶಾ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. ಒದ್ದೆ ಬೆರಳಿನ ಗುರುತು ಅದರ ಅಂಚಿಗೆ ಹತ್ತಿತ್ತು. ಆ ಎರಡು ಗೆರೆಯ ಮೇಲೆ ಉಗುರಿನಿಂದ ಮೆಲ್ಲಗೆ ಒಂದು ಸಲ ಎಳೆದಳು.

"ಇದರ ಮುಂದೆ ಏನು ಬರ್ದೀಯೇ?"

"ವಫಾತ್. ಸಾವು."

"ಬರೀ ಸಾವು? ಸಹಜ ಅಂತ ಇಲ್ವಾ?"

"ಇಲ್ಲ ಅತ್ತಿಗೆ. ಅದಕ್ಕೆ ಜಾಗ ಕೊಡಲಿಲ್ಲ."

ಆಶಾ ತಲೆಯಾಡಿಸಿದಳು. ಹಾಳೆಯನ್ನು ಮಡಚದೆ ಹಾಗೇ ಹಿಡಿದು ಒಳಗೆ ನಡೆದಳು.

"ಮಿಕ್ಕಿದ ಹತ್ತು ಜನದ ಮನೆ ಯಾವ ಊರಾಗವಂತೆ, ಕೇಳು" ಎಂದಳು ಬಾಗಿಲಿನಿಂದ. "ಅವರಿಗೂ ಒಂದೊಂದು ಹಾಳೆ ತಲುಪಿಸ್ಬೇಕು."